ಮಗು ಮಲಗಿದ ಮೇಲೆ ಹೊರಡುವ ಅಜ್ಜಿ

ತೆಕ್ಕಟ್ಟೆ, ಕುಂಭಾಶಿ, ಕೋಟೇಶ್ವರದ ಕಡೆಯ ಮನೆಗಳಿಂದ ಅಜ್ಜ ಅಜ್ಜಿ ಬೆಂಗಳೂರಿನ ಮಗಳ ಮನೆಗೋ ಮುಂಬೈಯ ಕಿರಿಯ ಮಗನ ಮನೆಗೋ ಹೋಗಿ ನೆಲೆಸುವುದು ಈಗ ಸಾಮಾನ್ಯ ಸಂಗತಿ. ಮಂಡಿ ನೋವಿಗೆ ದೊಡ್ಡ ಆಸ್ಪತ್ರೆ ಹತ್ತಿರವಿರಲಿ ಎಂದೋ, ಅಲ್ಲಿ ಬಾಣಂತನ ಇದೆ ಎಂದೋ, ಪಾಲಾದ ಮೇಲೆ ಈ ಮನೆ ಒಬ್ಬ ಮಗನಿಗೆ ಸೇರಿತು ಎಂದೋ ಕಾರಣಗಳಿರುತ್ತವೆ. ದೂರದ ಊರಿಗೆ ಬಸ್ಸು ಹೆಚ್ಚಾಗಿ ರಾತ್ರಿಗೆ, ಅಂದರೆ ಮಕ್ಕಳು ಮಲಗುವ ಹೊತ್ತಿಗೆ. ಹಾಗಾಗಿ ಮೊಮ್ಮಗುವನ್ನು ಮಲಗಿಸಿ ಹೊರಡುವುದು ಸುಲಭವೆನಿಸುತ್ತದೆ. ಬೆಳಿಗ್ಗೆ ಎದ್ದು ಕೇಳಿದರೆ "ಅಜ್ಜಿ ನಾಳೆ ಬತ್ರ್" ಎಂಬ ಉತ್ತರ ಸಿದ್ಧವಿರುತ್ತದೆ. ಮಗುವಿನ ಮೇಲಿನ ಪ್ರೀತಿಯಿಂದಲೇ ಹೀಗೆ ಮಾಡುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಆದರೂ ಇದು ತಪ್ಪು ದಾರಿ ಎನ್ನುವುದು ನನ್ನ ವಾದ. ಮೊಮ್ಮಗುವಿಗೆ ಮೊದಲೇ ತಿಳಿಸಬೇಕು, ಅದು ಎಚ್ಚರವಿರುವಾಗಲೇ ಹೊರಡಬೇಕು, ಅತ್ತರೆ ಅಳಲು ಬಿಡಬೇಕು.

ಮಗು ಅಳದೆ ಇದ್ದರೆ ಅದಕ್ಕೆ ನೋವಾಗಿಲ್ಲ ಎಂಬ ನಂಬಿಕೆಯ ಮೇಲೆ ಈ ರೂಢಿ ನಿಂತಿದೆ. ಇದೇ ನಂಬಿಕೆ ಒಂದು ಕಾಲದಲ್ಲಿ ಇಂಗ್ಲೆಂಡಿನ ಆಸ್ಪತ್ರೆಗಳನ್ನೂ ಆಳುತ್ತಿತ್ತು. ಮಕ್ಕಳ ವಾರ್ಡಿಗೆ ತಂದೆತಾಯಿ ಬಂದುಹೋದರೆ ಮಗು ರಂಪ ಮಾಡುತ್ತದೆ, ಬರದಿದ್ದರೆ ಎರಡು ಮೂರು ದಿನಕ್ಕೆ ತಾನಾಗಿ ಸುಮ್ಮನಾಗುತ್ತದೆ, ಆದ್ದರಿಂದ ಬರದಿರುವುದೇ ಒಳ್ಳೆಯದು ಎಂದು ವೈದ್ಯರೂ ದಾದಿಯರೂ ಹೇಳುತ್ತಿದ್ದರು. ಜೇಮ್ಸ್ ರಾಬರ್ಟ್‌ಸನ್ ಎಂಬಾತ 1952ರಲ್ಲಿ, ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಹುಡುಗಿಯೊಬ್ಬಳನ್ನು ಚಿತ್ರೀಕರಿಸಿ ತೋರಿಸಿದ. ಅವಳು ಹೆಚ್ಚು ಅಳುವ ಮಗುವಲ್ಲ. ಆದರೆ ಆ ಸುಮ್ಮನಿರುವಿಕೆಯ ಒಳಗೆ ಎಷ್ಟು ದುಃಖವಿದೆ ಎಂಬುದು ಅವಳ ಮುಖದಲ್ಲೇ ಕಾಣುತ್ತಿತ್ತು. ಮಗು ಮೊದಲು ಪ್ರತಿಭಟಿಸುತ್ತದೆ, ಆಮೇಲೆ ಆಸೆ ಬಿಡುತ್ತದೆ, ಕೊನೆಗೆ ಹೋದವರಿಂದ ಮನಸ್ಸನ್ನೇ ಹಿಂದಕ್ಕೆ ತೆಗೆದುಕೊಳ್ಳುತ್ತದೆ ಎಂದು ರಾಬರ್ಟ್‌ಸನ್ ವಿವರಿಸಿದ. ದಾದಿಯರು ಹೊಂದಿಕೊಂಡಿತು ಎಂದು ಹೇಳುತ್ತಿದ್ದದ್ದು ಈ ಎರಡನೆಯ, ಮೂರನೆಯ ಹಂತವನ್ನು. ಮೊದಮೊದಲು ಅನೇಕ ವೈದ್ಯರು ಸಿಟ್ಟಾದರು. ಆದರೆ 1959ರ ಪ್ಲಾಟ್ ಸಮಿತಿಯ ವರದಿ, ತಂದೆತಾಯಿಯ ಭೇಟಿಗೆ ಆಸ್ಪತ್ರೆಗಳು ಬಾಗಿಲು ತೆರೆದಿಡಬೇಕು ಎಂದು ಶಿಫಾರಸು ಮಾಡಿತು.

ಹಾಗಾದರೆ ಅಗಲಿಕೆಯೇ ಅನಿವಾರ್ಯವಾದಾಗ ಏನು ಮಾಡಬೇಕು? ಇದಕ್ಕೂ ಅದೇ ರಾಬರ್ಟ್‌ಸನ್ ಮತ್ತು ಆತನ ಹೆಂಡತಿ ಜಾಯ್ಸ್ ಉತ್ತರ ಹುಡುಕಿದರು. ತಾಯಿ ಹೆರಿಗೆಗೋ ಚಿಕಿತ್ಸೆಗೋ ಆಸ್ಪತ್ರೆಗೆ ಹೋದಾಗ ನಾಲ್ಕು ಪುಟ್ಟ ಮಕ್ಕಳನ್ನು ಒಬ್ಬೊಬ್ಬರಾಗಿ ತಮ್ಮ ಮನೆಯಲ್ಲಿಟ್ಟುಕೊಂಡು ನೋಡಿದರು. ಮೊದಲೇ ಮಗುವನ್ನು ಮನೆಗೆ ಕರೆಸಿ ಪರಿಚಯ ಮಾಡಿಕೊಂಡರು. ಅದರ ಹೊದಿಕೆ, ಆಟಿಕೆ, ತಾಯಿಯ ಫೋಟೋ ಜೊತೆಗೇ ಬಂದವು. ತಾಯಿಯ ಮಾತನ್ನು ಮುಚ್ಚಿಡದೆ ದಿನವೂ ಆಡಿದರು. ಮಕ್ಕಳು ಬೇಸರಪಟ್ಟವು, ಸಿಟ್ಟು ಮಾಡಿದವು, ಆದರೆ ಕುಸಿಯಲಿಲ್ಲ. ಇದೇ ಬಗೆಯ ಅಗಲಿಕೆಯಲ್ಲಿ ಒಂಬತ್ತು ದಿನ ಶಿಶುಪಾಲನಾ ಕೇಂದ್ರದಲ್ಲಿದ್ದ, ಹದಿನೇಳು ತಿಂಗಳ ಜಾನ್ ಎಂಬ ಮಗುವಿಗೆ ಇದ್ಯಾವುದೂ ಸಿಗಲಿಲ್ಲ. ದಾದಿಯರು ಒಳ್ಳೆಯವರೇ, ಆದರೆ ಪಾಳಿಯ ಮೇಲೆ ಬದಲಾಗುತ್ತಿದ್ದರು. ತಾಯಿ ಕರೆದೊಯ್ಯಲು ಬಂದ ದಿನ ಆ ಮಗು ಅವಳ ಮಡಿಲನ್ನೇ ನಿರಾಕರಿಸಿತು.

ಅದು ತಾಯಿಯ ವಿಷಯ, ಅಜ್ಜಿಯದಲ್ಲ. ಮಕ್ಕಳೂ ಬೆರಳೆಣಿಕೆಯಷ್ಟು ಎಂದು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದದ್ದೇ. ತಾಯಿ ಮನೆಯಲ್ಲೇ ಇರುವಾಗ ಅಜ್ಜಿ ಹೋದರೆ ಮಗು ಅಷ್ಟು ಆಳಕ್ಕೆ ಕುಸಿಯಲಾರದು. ಆದರೆ ತಂದೆ ಗಲ್ಫಿನಲ್ಲೋ ಬೆಂಗಳೂರಿನ ಬೇಕರಿಯಲ್ಲೋ ಇದ್ದು, ತಾಯಿ ಬೆಳಿಗ್ಗೆ ಗೇರುಬೀಜ ಕಾರ್ಖಾನೆಗೋ ಬ್ಯಾಂಕಿಗೋ ಹೋಗುವ ನಮ್ಮ ಕಡೆಯ ಮನೆಗಳಲ್ಲಿ ಮಗುವಿಗೆ ಗಂಜಿ ಉಣ್ಣಿಸುವವರು, ಎಣ್ಣೆ ಹಚ್ಚಿ ಮೀಯಿಸುವವರು, ಮಧ್ಯಾಹ್ನ ಪಕ್ಕದಲ್ಲಿ ಮಲಗುವವರು ಅಜ್ಜಿಯೇ. ಅಲ್ಲಿ ಹೋಗುವುದು ಒಬ್ಬ ನೆಂಟರಲ್ಲ, ಮಗುವಿನ ಇಡೀ ದಿನಚರಿ.

ಹಿಂದಿನವರು ಇಷ್ಟೆಲ್ಲ ಯೋಚಿಸುತ್ತಿದ್ದರೇ ಎನ್ನುವವರಿಗೆ ಈ ನೆಲದ ಚರಿತ್ರೆಯೇ ಉತ್ತರ ಕೊಡುತ್ತದೆ. ಅಳಿಯಸಂತಾನದ ಕುಟುಂಬಗಳಲ್ಲಿ ಹಿರಿಯರು ಮನೆ ಬದಲಿಸುವುದು ಹೊಸದೇನಲ್ಲ. ಗಂಡನ ಮನೆಯಲ್ಲಿ ಬಾಳಿದ ಹೆಂಗಸು ಅವನು ತೀರಿದ ಮೇಲೆ ತನ್ನ ತಾಯಿಯ ಕಡೆಯ ಮೂಲಮನೆಗೆ ಮರಳುವುದು ರೂಢಿಯಲ್ಲಿತ್ತು. 1949ರ ಮದರಾಸು ಅಳಿಯಸಂತಾನ ಕಾಯ್ದೆ ಪಾಲಿಗೆ ದಾರಿ ಮಾಡಿತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಆಸ್ತಿ ಇಳಿದುಬರುವ ಕ್ರಮವನ್ನೇ ಬದಲಿಸಿತು. ಆ ಪದ್ಧತಿಯ ಕಷ್ಟಗಳನ್ನು ನಾನು ಮರೆಮಾಚುತ್ತಿಲ್ಲ. ಆದರೆ ಹೋಗುವವರು ಯಾವ ಮನೆಗೆ, ಯಾಕೆ ಹೋಗುತ್ತಾರೆ ಎಂಬುದು ಅಲ್ಲಿ ಮಕ್ಕಳಿಗೂ ಗೊತ್ತಿರುತ್ತಿತ್ತು, ನಾಗಪೂಜೆಗೋ ದೈವದ ಕೋಲಕ್ಕೋ ಎಲ್ಲರೂ ಮತ್ತೆ ಸೇರುವ ಮನೆಯೊಂದಿರುತ್ತಿತ್ತು. ಈಗಿನ ಹೊರಡುವಿಕೆಯಲ್ಲಿ ಮಗುವಿಗೆ ಕಾರಣವೂ ಗೊತ್ತಿಲ್ಲ, ಮತ್ತೆ ಸೇರುವ ದಿನವೂ ಗೊತ್ತಿಲ್ಲ.

ಕಾರಣ ಹೇಳದಿದ್ದರೆ ಮಗು ತಾನೇ ಒಂದು ಕಾರಣ ಕಟ್ಟಿಕೊಳ್ಳುತ್ತದೆ. ನನ್ನನ್ನು ಹೆಚ್ಚು ಕಾಡುವುದು ಇದೇ. "ಗಲಾಟೆ ಮಾಡಿದರೆ ಅಜ್ಜಿ ಬಿಟ್ಟು ಹೋಗ್ತಾರೆ" ಎಂದು ಹಿಂದೆ ಎಂದಾದರೂ ಹೆದರಿಸಿದ್ದರೆ, ಅಜ್ಜಿ ನಿಜವಾಗಿ ಹೋದ ದಿನ ಆ ಮಾತು ಮಗುವಿನ ಪಾಲಿಗೆ ತೀರ್ಪಾಗುತ್ತದೆ. ಅಂಥ ಮಗು ಅಜ್ಜಿಯ ಬಗ್ಗೆ ಕೇಳುವುದನ್ನೇ ನಿಲ್ಲಿಸಬಹುದು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಗಬಹುದು, ತಾಯಿ ಬಾವಿಕಟ್ಟೆಗೆ ಹೋದರೂ ಸೆರಗು ಹಿಡಿದು ಹಿಂದೆ ಬರಬಹುದು, ಫೋನಿನಲ್ಲಿ ಅಜ್ಜಿಯ ಮುಖ ಕಂಡರೆ ಓಡಿಹೋಗಬಹುದು. ಇದನ್ನು ಮರೆತಿದೆ ಎಂದು ಓದಿಕೊಳ್ಳಬಾರದು. ಜಗಳದಿಂದಲೇ ಮನೆ ಬಿಡುವ ಸಂದರ್ಭದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಜಗಳದ ವಿವರ ಮಗುವಿಗೆ ಬೇಡ. ಇದು ದೊಡ್ಡವರ ತೀರ್ಮಾನ, ನಿನ್ನಿಂದ ಆದದ್ದಲ್ಲ, ಅಜ್ಜಿಗೆ ನಿನ್ನ ಮೇಲೆ ಸಿಟ್ಟಿಲ್ಲ ಎಂಬ ಮೂರು ಮಾತು ಅಜ್ಜಿಯ ಬಾಯಿಂದಲೇ ಬರಬೇಕು.

ಮೂರು ನಾಲ್ಕು ವರ್ಷದ ಮಗುವಿಗೆ ಐದಾರು ದಿನ ಮೊದಲು ಹೇಳಿದರೆ ಸಾಕು, ಶಾಲೆಗೆ ಹೋಗುವ ಮಗುವಿಗೆ ದೊಡ್ಡವರು ನಿರ್ಧರಿಸಿದ ಕೂಡಲೇ ಹೇಳುವುದು ಸರಿ. ತಾರೀಕು ಹೇಳಿದರೆ ಸಣ್ಣ ಮಗುವಿಗೆ ತಿಳಿಯದು. ಕೋಟೇಶ್ವರದ ಕೊಡಿಹಬ್ಬಕ್ಕೆ ಬರುತ್ತೇನೆ, ಕಬ್ಬಿನ ಕೊಡಿ ತರೋಣ ಎಂದರೆ ತಿಳಿಯುತ್ತದೆ. ಬರುವುದು ಖಚಿತವಿದ್ದರೆ ಮಾತ್ರ ಹಾಗೆ ಹೇಳಬೇಕು. ಇಲ್ಲದಿದ್ದರೆ ವಾರದಲ್ಲಿ ಇಂಥ ಸಂಜೆ ಫೋನು ಮಾಡುತ್ತೇನೆ ಎಂಬಷ್ಟನ್ನೇ ಹೇಳಿ ಅದನ್ನು ತಪ್ಪದೆ ನಡೆಸಬೇಕು. ಅಜ್ಜಿಯ ಪೆಟ್ಟಿಗೆ ತುಂಬುವಾಗ ಮಗು ಜೊತೆಗಿರಲಿ. ಅವರ ಹಳೆಯ ಹತ್ತಿ ಸೀರೆಯೊಂದು ಮಗುವಿನ ಹಾಸಿಗೆಯಲ್ಲಿ ಉಳಿಯಲಿ. ಅವರು ಹೋದ ಮರುದಿನವೇ ಕೋಣೆ ಖಾಲಿ ಮಾಡಿ ಮಂಚ ಎತ್ತಿಡುವ ಅವಸರ ಬೇಡ.

ಹೊರಡುವ ಗಳಿಗೆಯಲ್ಲಿ ಕಣ್ಣೀರು ಶುಭವಲ್ಲ, ಮಗು ಅತ್ತರೆ ವಯಸ್ಸಾದ ಜೀವಕ್ಕೆ ಹೆಜ್ಜೆ ಕೀಳಲಾಗದು ಎನ್ನುವವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಮದುವೆಯಾದ ಮಗಳನ್ನು ಕಣ್ಣೀರಿನಲ್ಲೇ ಒಪ್ಪಿಸಿಕೊಡುವವರು ನಾವು; ಅದನ್ನು ಯಾರೂ ಅಶುಭವೆಂದು ಎಣಿಸಿಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆ ಅಜ್ಜ ಅಜ್ಜಿಗೆ ವಯಸ್ಕ ಮೊಮ್ಮಕ್ಕಳಿಂದಲೂ ಜೀವನಾಂಶ ಕೇಳುವ ಹಕ್ಕು ಕೊಟ್ಟಿದೆ, ಎಳೆಯ ಮೊಮ್ಮಗುವಿನ ಬಗ್ಗೆ ಅದು ಏನೂ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಮಗುವಿಗೆ ತಿಳಿಸಿ ಹೊರಡುವುದು ಮನೆಯವರೇ ಮಾಡಬೇಕಾದ ಕೆಲಸ. ಈ ತಿಂಗಳು ಹೆತ್ತವರಿಗೆ ಟಿಕೆಟ್ ಮಾಡಿಸಲು ಹೊರಟಿರುವವರು ಸಾಧ್ಯವಾದರೆ ಹಗಲಿನ ಬಸ್ಸಿಗೆ ಮಾಡಿಸಿ. ರಾತ್ರಿಯದೇ ಸಿಕ್ಕಿದರೆ, ಆ ಒಂದು ದಿನ ಮಗುವನ್ನು ಎಬ್ಬಿಸಿಕೊಂಡೇ ಬಸ್ಸಿನವರೆಗೆ ಕರೆದುಕೊಂಡು ಬನ್ನಿ.