ಒಂದು ಪ್ರಶ್ನೆ, ಮೂರು ಉತ್ತರ; ಹೋಯ್ತು ಕೊನೇ ಬಸ್ಸು!

ಮೊನ್ನೆ ರಾಜ್ಯೋತ್ಸವದ ರಾತ್ರಿ ಪೇಟೆಯ ಸಂಘವೊಂದು ಇಟ್ಟಿದ್ದ ರಸಪ್ರಶ್ನೆ ಸ್ಪರ್ಧೆ ಜಗಳದಲ್ಲಿ ಮುಗಿಯಿತು. ಕೊನೆಯ ಸುತ್ತಿನ ಪ್ರಶ್ನೆ: "ಕರ್ನಾಟಕದ ಮೊದಲ ಮುಖ್ಯಮಂತ್ರಿ ಯಾರು?" ಮೊದಲ ತಂಡ ಕೆ.ಸಿ. ರೆಡ್ಡಿ ಎಂದಿತು. ತಪ್ಪು ಎಂದರು. ಎರಡನೆಯದು ದೇವರಾಜ ಅರಸು ಎಂದಿತು. ಅದೂ ತಪ್ಪಂತೆ. ಮೂರನೆಯದು ನಿಜಲಿಂಗಪ್ಪ ಎಂದಾಗ ಗಂಟೆ ಬಾರಿಸಿ ಅಂಕ ಕೊಟ್ಟರು. ಶುರುವಾಯ್ತು ನೋಡಿ ಗಲಾಟೆ! ಇಪ್ಪತ್ತು ನಿಮಿಷ ವಾದ ನಡೆದು, ಹಳ್ಳಿಗಳಿಂದ ಬಂದವರಿಗೆ ಕೊನೇ ಬಸ್ಸು ತಪ್ಪಿತು.

ತಪ್ಪು ಹುಡುಗರದ್ದಲ್ಲ. 1947ರಲ್ಲಿ ಮೈಸೂರಿನ ಮೊದಲ ಮುಖ್ಯಮಂತ್ರಿಯಾದವರು ರೆಡ್ಡಿ. 1956ರಲ್ಲಿ ಕನ್ನಡ ಸೀಮೆಗಳು ಒಂದಾದಾಗ ಗದ್ದುಗೆ ಏರಿದವರು ನಿಜಲಿಂಗಪ್ಪ. 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದಾಗ ಕುರ್ಚಿಯಲ್ಲಿದ್ದವರು ಅರಸು. "1956ರಲ್ಲಿ ಏಕೀಕರಣವಾದಾಗ ಮುಖ್ಯಮಂತ್ರಿಯಾದವರು ಯಾರು?" ಎಂದು ಕೇಳಿದ್ದರೆ ಉತ್ತರ ಒಂದೇ.

ಇದನ್ನು ಮೊದಲೇ ಪತ್ತೆ ಮಾಡೋದು ಸುಲಭ. ಹಿಂದಿನ ದಿನ, ಉತ್ತರ ಗೊತ್ತಿಲ್ಲದ ಇಬ್ಬರಿಗೆ ಪ್ರಶ್ನೆ ಓದಿ ಹೇಳಿ. "ಯಾವಾಗಿಂದು ಸ್ವಾಮಿ?" ಅಂತ ಅವರು ತಿರುಗಿ ಕೇಳಿದರೆ ಪ್ರಶ್ನೆ ಕೆಟ್ಟಿದೆ ಎಂದೇ ಅರ್ಥ. ಹಳೇ ಗೈಡು ನಂಬಬೇಡಿ. ಅದರಲ್ಲಿ ರಾಜ್ಯಕ್ಕೆ 30 ಜಿಲ್ಲೆ ಇರಬಹುದು; 2021ರಲ್ಲಿ ವಿಜಯನಗರ ಸೇರಿ 31 ಆಗಿದೆ.

ಇನ್ನು ಕಷ್ಟ-ಸುಲಭದ ಲೆಕ್ಕ. ಹತ್ತು ಪ್ರಶ್ನೆಯಲ್ಲಿ ಮೂರು ಎಲ್ಲರಿಗೂ ಬರಬೇಕು, ಐದು ಅರ್ಧ ತಂಡಗಳಿಗೆ, ಎರಡು ಮಾತ್ರ ಒಂದೆರಡು ತಂಡಕ್ಕೆ. ಸುಲಭದ್ದು ಮೊದಲಿಗಿರಲಿ, ಸೊನ್ನೆಯಲ್ಲಿ ಕೂತ ತಂಡ ಬೇಗ ಎದ್ದು ಹೋಗುತ್ತದೆ. ಕಷ್ಟದ ಪ್ರಶ್ನೆಗೂ ಒಂದು ಹಿಡಿ ಇರಬೇಕು. "ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ'ದ ನಿರ್ದೇಶಕರು ಯಾರು?" ಎಂದರೆ ಗೊತ್ತಿದ್ದವನಿಗೆ ಗೊತ್ತು, ಇಲ್ಲದವನಿಗೆ ಇಲ್ಲ. "ಅವರ ಮಗಳು ನಟಿ ಲಕ್ಷ್ಮಿ" ಎಂದು ಸೇರಿಸಿ. ಆಗ ತಂಡದವರು ತಲೆ ಕೂಡಿಸುತ್ತಾರೆ, ವೈ.ವಿ. ರಾವ್ ಹೆಸರು ಯಾರದೋ ನೆನಪಿಗೆ ಬಂದೀತು.

ವೇಗ ಕೆಡಿಸೋದು 'ಪಾಸ್' ಪದ್ಧತಿ. ಆರು ತಂಡ ಹತ್ತತ್ತು ಸೆಕೆಂಡು ತಗೊಂಡರೂ ಒಂದು ಪ್ರಶ್ನೆಗೆ ಒಂದು ನಿಮಿಷ, ಉಳಿದವರಿಗೆಲ್ಲ ಆಕಳಿಕೆ. ಬದಲಿಗೆ ಎಲ್ಲ ತಂಡಕ್ಕೂ ಚೀಟಿ ಕೊಡಿ. ಪ್ರಶ್ನೆಯನ್ನು ಎರಡು ಸಲ ಓದಿ, ಬರೆಯಲು ಅರ್ಧ ನಿಮಿಷ ಬಿಟ್ಟು, ಮುಂದಿನದಕ್ಕೆ ಹೋಗಿ. ಹತ್ತು ಪ್ರಶ್ನೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಚೀಟಿ ತಿದ್ದುವಾಗ ಉತ್ತರ ಓದಿದರೆ ಸಭೆಗೂ ಮಜಾ.

ಸೋತ ಹುಡುಗರು ಮನೆಗೆ ಹೋಗಿದ್ದು ಸರಿಯುತ್ತರ ಹೇಳಿಯೂ ತಪ್ಪೆನಿಸಿಕೊಂಡ ಸಿಟ್ಟಿನಲ್ಲಿ, ಅದೂ ನಡೆದುಕೊಂಡು. ಮುಂದಿನ ಗಣೇಶನ ಹಬ್ಬಕ್ಕಾದರೂ ಸಂಘದವರು ಪೆಂಡಾಲಿನ ಲೈಟಿಗಿಂತ ಮೊದಲು ಪ್ರಶ್ನೆಪತ್ರಿಕೆ ಪರೀಕ್ಷಿಸಲಿ.