ಬಿಂದುವೊಂದೇ ಸಾಕೆನ್ನುವವರಿಗೆ

ನಮ್ಮ ಸಂಘದ ದ್ವಿಭಾಷಾ ಸಂಚಿಕೆಯ ಕರಡು ತಿದ್ದುವಾಗ, ಹಿಂದಿಗೆ ಅನುವಾದವಾದ ಕಥೆಯೊಂದರಲ್ಲಿ ನ್ಯಾಯಾಧೀಶರು ಕಳ್ಳನನ್ನು ಸಿಂಗರಿಸಲು ಅಪ್ಪಣೆ ಕೊಟ್ಟಿದ್ದರು. ಬೆರಳಚ್ಚಿನಲ್ಲಿ 'ಜ'ದ ಕೆಳಗಿನ ನುಕ್ತಾ ಬಿದ್ದುಹೋಗಿ, ಶಿಕ್ಷೆ ಎಂಬರ್ಥದ ಪದ ಅಲಂಕಾರದ ಪದವಾಗಿತ್ತು. ತೋರಿಸಿದರೆ ಬಂದ ಉತ್ತರ: ಪತ್ರಿಕೆಗಳೇ ಬಿಟ್ಟಿವೆ, ಸಂದರ್ಭದಿಂದ ತಿಳಿಯುತ್ತದೆ! ಹಾಳುಮನೆಯನ್ನು ಯಾರಾದರೂ ಹಾಲುಮನೆ ಎಂದು ಅಚ್ಚು ಹಾಕಿ ಇದೇ ಮಾತು ಹೇಳಿದರೆ ನಾವು ಒಪ್ಪುವೆವೆ?

ಚಂದ್ರಬಿಂದುವಿನ ವಿಷಯದಲ್ಲಿ ತಪ್ಪುವವರು ಹೆಚ್ಚಾಗಿ ನಾವೇ. ಕನ್ನಡದ ಸೊನ್ನೆ ಒಂದು ಅನುನಾಸಿಕ ವ್ಯಂಜನವನ್ನು ನುಡಿಸುತ್ತದೆ. ಸ್ವರವೇ ಮೂಗಿನಿಂದ ಹೊರಡುವ ಉಚ್ಚಾರ ನಮ್ಮ ಕಿವಿಗೆ ಹೊಸದು. ಆದರೆ ನಮಗೊಂದು ಅನುಕೂಲವಿದೆ: ಸಂಸ್ಕೃತ ಪದಗಳು ಗೊತ್ತು.

```
दंत   दाँत
पंच   पाँच
हंस   हँस
सजा   सज़ा
```

ಮೊದಲ ಎರಡು ಸಾಲುಗಳನ್ನು ನೋಡಿ. ತತ್ಸಮದಲ್ಲಿ ಅನುಸ್ವಾರ, ಅದೇ ಪದ ತದ್ಭವವಾದಾಗ ವ್ಯಂಜನ ಕರಗಿ, ಹಿಂದಿನ ಸ್ವರ ದೀರ್ಘವಾಗಿ ಮೂಗಿಗೇರಿದೆ, ಅಲ್ಲಿ ಚಂದ್ರಬಿಂದು. ಈ ಸೂತ್ರ ಎಲ್ಲೆಡೆ ನಡೆಯದು. ಮೂರನೆಯ ಸಾಲಿನಲ್ಲಿ ಪಕ್ಷಿಗೆ ಅನುಸ್ವಾರ, ನಗುವಿಗೆ ಚಂದ್ರಬಿಂದು; ನಗುವಿನ ಮೂಲಧಾತು 'ಹಸ್'ನಲ್ಲಿ ಅನುನಾಸಿಕವೇ ಇಲ್ಲ. ಅಂಥವನ್ನು ನಿಘಂಟಿನಲ್ಲಿಯೇ ನೋಡಬೇಕು. ಒಂದೇ ಏಟಿಗೆ 'ಎಲ್ಲವನ್ನೂ ಬದಲಿಸು' ಎಂದರೆ ಸರೋವರದ ಹಂಸಗಳೂ ನಗತೊಡಗುತ್ತವೆ. ಒಂದೊಂದನ್ನೂ ನೋಡಿ ಬದಲಿಸಬೇಕು.

ಪೂರ್ಣ ಚಂದ್ರಬಿಂದುವಾದಿಗಳೂ ನಾವಲ್ಲ. ಶಿರೋರೇಖೆಯ ಮೇಲೆ ಮಾತ್ರೆಯಿರುವ 'ಮೇಂ', 'ನಹೀಂ' ಮುಂತಾದವುಗಳಲ್ಲಿ ಬರಿಯ ಬಿಂದುವೇ ರೂಢಿ, ಅಲ್ಲಿ ಜಾಗವಿಲ್ಲ. ಅಚ್ಚಿನ ಈ ಅನುಕೂಲವನ್ನು 'ದಾಂತ್', 'ಚಾಂದ್'ಗಳಿಗೂ ಎಳೆದದ್ದೇ ಸೋಮಾರಿತನ.

ನುಕ್ತಾದಲ್ಲಿ ಎರಡು ಬಗೆಯ ತಪ್ಪುಗಳಿವೆ. ಬಿಡುವುದು ಒಂದಾದರೆ, ಉರ್ದುವಿನ ಘಮಲು ಬರಲೆಂದು 'ಫಿರ್', 'ಫಲ್', 'ಜಗಹ್'ಗಳ ಕೆಳಗೂ ಚುಕ್ಕೆಯಿಡುವುದು ಇನ್ನೊಂದು. ಇವುಗಳಲ್ಲಿರುವುದು ಬರಿಯ 'ಫ', 'ಜ'ಗಳೇ, ಚುಕ್ಕೆ ಬೇಡ. ಆದರೆ 'ಸಡಕ್', 'ಪಢ್ನಾ'ಗಳ ಡ-ಢಗಳ ಕೆಳಗಿನ ಚುಕ್ಕೆ ಎರವಲಿನ ಗುರುತಲ್ಲ. ಹಿಂದಿಯದೇ ಧ್ವನಿ, ಬಿಡುವಂತಿಲ್ಲ. ಪದದ ಮೊದಲಲ್ಲಿ ಮಾತ್ರ ಅದು ಬಾರದು: 'ಡರ್', 'ಢೋಲ್' ಬರಿದೇ ಇರುತ್ತವೆ.

ತಿದ್ದುವವರಿಗೆ ಇನ್ನೊಂದು ಮಾತು. ನುಕ್ತಾ ಇರುವ 'ಜ'ವನ್ನು U+095B ಎಂಬ ಒಂದೇ ಸಂಕೇತವಾಗಿಯೂ, U+091C ಮತ್ತು U+093C ಎಂಬ ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಕೆಲವು ತಂತ್ರಾಂಶಗಳ ಹುಡುಕಾಟಕ್ಕೆ ಅಲ್ಲ. ಆದ್ದರಿಂದ ಹುಡುಕುವಾಗ ಎರಡೂ ರೂಪಗಳನ್ನು ಕೊಟ್ಟು ನೋಡಬೇಕು. ನಮ್ಮ ಕಳ್ಳನಿಗೆ ಶಿಕ್ಷೆಯಾದದ್ದು ಎರಡನೆಯ ಹುಡುಕಾಟದಲ್ಲಿ.