ಎಲ್ಲರೂ ಓದಿದರು, ಯಾರೂ ಉತ್ತರಿಸಲಿಲ್ಲ

ಅರಸೀಕೆರೆಯ ಹೈಸ್ಕೂಲೊಂದರಲ್ಲಿ ನಾವು ಎಸ್ಸೆಸ್ಸೆಲ್ಸಿ ಮುಗಿಸಿದ್ದು 1994ರಲ್ಲಿ. 2024ಕ್ಕೆ ಮೂವತ್ತು ವರ್ಷ ತುಂಬಿತಲ್ಲ, ಎಲ್ಲರೂ ಒಮ್ಮೆ ಸೇರೋಣವೆಂಬ ಮಾತು ಹುಟ್ಟಿತು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ನನ್ನನ್ನೂ ಸೇರಿಸಿ 42 ಜನ. ಕರೆಯೋಲೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಬರೆದದ್ದು ಹೀಗಿತ್ತು:

“ಆತ್ಮೀಯ ಗೆಳೆಯ ಗೆಳತಿಯರೇ, ಬಾಲ್ಯದ ಸವಿನೆನಪುಗಳನ್ನು ಮೆಲುಕು ಹಾಕಲು ಡಿಸೆಂಬರ್‌ನಲ್ಲಿ ಸ್ನೇಹಸಮ್ಮಿಲನ ಏರ್ಪಡಿಸುವ ಉದ್ದೇಶವಿದೆ. ನಮ್ಮ ಬ್ಯಾಚಿನ ಸಾಧಕರಿಗೆ ಸನ್ಮಾನವಿರುತ್ತದೆ. ತಲಾ 2000 ರೂ. ವಂತಿಗೆ. ಎಲ್ಲರೂ ತಮ್ಮ ಅಭಿಪ್ರಾಯ ತಿಳಿಸಿ ಸಹಕರಿಸಬೇಕಾಗಿ ವಿನಂತಿ.”

ಮೂರು ದಿನ ಕಳೆಯಿತು. ಒಂಬತ್ತು ಕೈಮುಗಿದ ಚಿತ್ರ, ನಾಲ್ಕು ‘ಸೂಪರ್’, ಒಂದು ಶುಭೋದಯದ ಗುಲಾಬಿ. ‘ಬರುತ್ತೇನೆ’ ಎಂದವರು ಒಬ್ಬರೂ ಇಲ್ಲ! ಸಂದೇಶದ ಮೇಲೆ ಬೆರಳೊತ್ತಿ ಹಿಡಿದು ಮಾಹಿತಿ ತೆರೆದರೆ ಯಾರು ಯಾರು ಓದಿದ್ದಾರೆಂದು ತೋರಿಸುತ್ತದೆ. ನೋಡಿದರೆ 38 ಜನ ಓದಿದ್ದಾರೆ.

ಪಿ.ಯು. ಓದುತ್ತಿರುವ ಮಗಳಿಗೆ ತೋರಿಸಿದೆ. “ಅಪ್ಪಾ, ಇದರಲ್ಲಿ ನೀವು ಕೇಳಿದ್ದೇನು?” ಅಂದಳು. ನಿಜ. ತಾರೀಖಿಲ್ಲ, ಜಾಗವಿಲ್ಲ. ‘ಅಭಿಪ್ರಾಯ ತಿಳಿಸಿ’ ಎಂದರೆ ಕೈಮುಗಿದವರೂ ಅಭಿಪ್ರಾಯ ತಿಳಿಸಿದಂತೆಯೇ ಆಯಿತು.

ಆದರೆ ಇನ್ನೊಂದು ಕಾರಣ ಅವಳಿಗೂ ಹೊಳೆದಿರಲಿಲ್ಲ. ಓದಿಯೂ ಸುಮ್ಮನಿದ್ದ ಹಳೆಯ ಗೆಳೆಯನೊಬ್ಬನಿಗೆ ಫೋನ್ ಮಾಡಿದೆ. ಹೆದ್ದಾರಿ ಪಕ್ಕ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದಾನೆ. ಅದೂ ಇದೂ ಮಾತಾಡಿ ಕೊನೆಗೆ ಅಂದ: “ನೋಡಪ್ಪ, ಸಾಧಕರು ಅಂತ ಬರೆದಿದ್ದೀಯ. ನಾನು ಗಣಿತದಲ್ಲಿ ಫೇಲಾದವನು, ಮತ್ತೆ ಕಟ್ಟಲೇ ಇಲ್ಲ. ಎರಡು ಸಾವಿರ ಬೇರೆ. ಅಷ್ಟು ಜನರೆದುರು ಆಗಲ್ಲ ಅಂತ ಹೇಗೆ ಬರೀಲಿ?”

ಅಂದು ರಾತ್ರಿ ಹಳೆಯದನ್ನು ಬದಿಗಿಟ್ಟು ಹೊಸದಾಗಿ ಬರೆಯಲು ಕುಳಿತೆವು. ತಾರೀಖು ಡಿಸೆಂಬರ್ 29, ಭಾನುವಾರ ಎಂದು ಗೊತ್ತುಮಾಡಿದೆವು. ಧನುರ್ಮಾಸದಲ್ಲಿ ನಮ್ಮ ಕಡೆ ಮದುವೆಗಳಿಲ್ಲ. ‘ನಮ್ಮ ನಾದಿನಿ ಮದುವೆ’ ಎನ್ನುವ ಅಡ್ಡಿ ಇರುವುದಿಲ್ಲ. ಛತ್ರ ಬಿಟ್ಟು ಶಾಲೆಯ ಸಭಾಂಗಣವನ್ನೇ ಕೇಳಿದ್ದರಿಂದ, ಶಾಲು ಹಾರ ಕೈಬಿಟ್ಟಿದ್ದರಿಂದ, ಖರ್ಚು ಊಟಕ್ಕಷ್ಟೇ ಇಳಿಯಿತು. ಹೊಸ ಸಂದೇಶ ಇದು:

“ಡಿಸೆಂಬರ್ 29, ಭಾನುವಾರ, ಬೆಳಿಗ್ಗೆ 11ರಿಂದ ಸಂಜೆ 4. ನಮ್ಮ ಶಾಲೆಯ ಸಭಾಂಗಣ. ಹತ್ತನೇ ತರಗತಿಯಲ್ಲಿ ನಮ್ಮ ಜೊತೆ ಕುಳಿತವರೆಲ್ಲ ಬನ್ನಿ; ಪಾಸು, ಫೇಲು, ನಡುವೆ ಬಿಟ್ಟವರು ಎಂಬ ಲೆಕ್ಕವಿಲ್ಲ. ಸನ್ಮಾನ, ಭಾಷಣ ಇಲ್ಲ. ಊಟಕ್ಕೆ ತಲಾ 200 ರೂ. ಆಗುತ್ತದೆ. ಬಾಗಿಲ ಬಳಿ ಡಬ್ಬಿ ಇರುತ್ತದೆ, ಆದಷ್ಟು ಹಾಕಿ. ಯಾರು ಎಷ್ಟು ಎಂದು ಬರೆದಿಡುವುದಿಲ್ಲ.
ಒಂದು ಅಂಕಿ ಬರೆಯಿರಿ ಸಾಕು:
1 – ಬರುತ್ತೇನೆ
2 – ಆಗುವುದಿಲ್ಲ
3 – ಡಿಸೆಂಬರ್ 15ಕ್ಕೆ ಹೇಳುತ್ತೇನೆ
ಈ ಭಾನುವಾರ ರಾತ್ರಿ 9ರೊಳಗೆ ತಿಳಿಸಿ. ಸೋಮವಾರ ಅಡುಗೆಯವರಿಗೆ ಲೆಕ್ಕ ಕೊಡಬೇಕು. ಇಲ್ಲಿ ಬರೆಯಲು ಸಂಕೋಚವಾದರೆ ನನಗೊಬ್ಬನಿಗೇ ಕಳಿಸಿ.”

‘ಪೋಲ್ ಹಾಕಿದರೆ ಸುಲಭವಲ್ಲವೇ?’ ಎಂದು ನೀವು ಕೇಳಬಹುದು. ಆದರೆ ಅಲ್ಲಿ ಯಾರು ಯಾವುದಕ್ಕೆ ಒತ್ತಿದರೆಂಬುದು ಇಡೀ ಗುಂಪಿಗೆ ಕಾಣುತ್ತದೆ. ಸಂಕೋಚದವರು ಒತ್ತುವುದೇ ಇಲ್ಲ. ‘3’ ಇಟ್ಟದ್ದಕ್ಕೂ ಕಾರಣವಿದೆ. ರಜೆ ಸಿಗುವುದೋ ಇಲ್ಲವೋ ತಿಳಿಯದವರು ಹೌದು ಎನ್ನಲಾರರು, ಇಲ್ಲ ಎನ್ನಲು ಮನಸ್ಸಿಲ್ಲ. ಅವರಿಗೊಂದು ಜಾಗ ಕೊಡದಿದ್ದರೆ ಮೌನವೇ ಗತಿ. ಆದರೆ ‘ನೋಡೋಣ’ ಎಂದಷ್ಟೇ ಇಟ್ಟಿದ್ದರೆ ಎಲ್ಲರೂ ಅದನ್ನೇ ಹಿಡಿಯುತ್ತಿದ್ದರು. ಆದ್ದರಿಂದ ಅದಕ್ಕೂ ಒಂದು ತಾರೀಖು.

ಇನ್ನೊಂದು ಸಣ್ಣ ಉಪಾಯ. ಗುಂಪಿನಲ್ಲಿ ಮೊದಲು ಬಾಯಿ ಬಿಡಲು ಎಲ್ಲರೂ ಹಿಂದೆ ಮುಂದೆ ನೋಡುತ್ತಾರೆ. ಹಾಗಾಗಿ ಐದು ಜನರಿಗೆ ಮೊದಲೇ ಫೋನ್ ಮಾಡಿ, ಸಂದೇಶ ಬಂದೊಡನೆ ತಮ್ಮ ಅಂಕಿ ಬರೆಯುವಂತೆ ಹೇಳಿಟ್ಟೆ. ಅವರಲ್ಲಿ ಇಬ್ಬರು ‘2’ ಎಂದೇ ಬರೆದರು. ಅದೇ ಒಳ್ಳೆಯದಾಯಿತು, ಇಲ್ಲ ಎಂದರೂ ಯಾರೂ ಬೇಸರಿಸುವುದಿಲ್ಲವೆಂದು ಉಳಿದವರಿಗೆ ತಿಳಿಯಿತು.

ಗುರುವಾರ ರಾತ್ರಿ ಹಾಕಿದೆ. ಭಾನುವಾರ ರಾತ್ರಿ 9ಕ್ಕೆ 30 ಉತ್ತರ: ಹದಿನೆಂಟು ಒಂದು, ಏಳು ಎರಡು, ಐದು ಮೂರು. ಉಳಿದ ಹನ್ನೊಂದು ಜನರನ್ನು ಗುಂಪಿನಲ್ಲಿ ಹೆಸರೆತ್ತಿ ಕೂಗದೆ, ಒಬ್ಬೊಬ್ಬರಿಗೇ ಫೋನ್ ಮಾಡಿದೆ. ನಾಲ್ವರ ಫೋನು ಮಕ್ಕಳ ಕೈಯಲ್ಲಿತ್ತು, ಸುದ್ದಿಯೇ ಅವರಿಗೆ ತಲುಪಿರಲಿಲ್ಲ. ಇದನ್ನು ಓದುತ್ತಿರುವ ಮಕ್ಕಳೇ, ಅಪ್ಪ ಅಮ್ಮನ ಫೋನು ನಿಮ್ಮ ಕೈಯಲ್ಲಿದ್ದಾಗ ಹಳೆಯ ಗೆಳೆಯರ ಗುಂಪೊಂದು ಮಿನುಗಿದರೆ ದಯವಿಟ್ಟು ಅವರಿಗೆ ಓದಿ ಹೇಳಿ.

ಅಂದ ಹಾಗೆ, ಪಂಕ್ಚರ್ ಅಂಗಡಿಯ ಗೆಳೆಯನ ಉತ್ತರ ಗುಂಪಿನಲ್ಲಿ ಬರಲಿಲ್ಲ. ಶನಿವಾರ ರಾತ್ರಿ ಹನ್ನೊಂದರ ಹೊತ್ತಿಗೆ ನನ್ನ ನಂಬರಿಗೆ ಬಂತು. ಅಂಗಡಿ ಮುಚ್ಚಿದ ಮೇಲೆ ಕಳಿಸಿರಬೇಕು. ಅದರಲ್ಲಿ ಇದ್ದದ್ದು ಒಂದೇ ಅಂಕಿ: 1.